ಜಾಹೀರಾತಿನ ಸ್ಥಾನ, ಸಹಜ ಸ್ಥಾನ: ನಮ್ಮ ಬಟ್ಟೆ ಚೀಲದ ಲೆಕ್ಕ



ರಾಜರಾಜೇಶ್ವರಿನಗರದ ನಮ್ಮ ಹೊಲಿಗೆ ಸಂಘದ ತಿಂಗಳ ಸಭೆಯಲ್ಲಿ ಲೆಕ್ಕದ ಪುಸ್ತಕ ಓದುತ್ತಿದ್ದಾಗ ಒಂದು ಸಾಲಿಗೆ ಬಂದು ಎಲ್ಲರೂ ಸುಮ್ಮನಾದರು. "ಆನ್‌ಲೈನ್ ಜಾಹೀರಾತು: 2,000 ರೂ." ಚೀಲ ಹೊಲಿಯುವ ಅಕ್ಕಂದಿರಲ್ಲಿ ಒಬ್ಬರು, "ಸಿಸ್ಟರ್, ಇಷ್ಟು ದುಡ್ಡು ಕಟ್ಟಿದ ಮೇಲೆ ನಮ್ಮ ಚೀಲ ಇನ್ನು ಯಾವಾಗ್ಲೂ ಮೊದಲನೇ ಪುಟದಲ್ಲೇ ಇರತ್ತೆ ಅಲ್ವಾ?" ಅಂತ ಕೇಳಿದರು. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನಾವು ಒಂದು ತಿಂಗಳ ವರದಿಯನ್ನು ಹರಡಿಕೊಂಡು ಕೂರಬೇಕಾಯಿತು. ಅಂದು ಕಲಿತದ್ದೇ ಈ ಸಂಚಿಕೆಯ ಪಾಠ. ಅಂಕಿಗಳನ್ನು ಎಲ್ಲರಿಗೂ ತಿಳಿಯಲೆಂದು ಸರಳಗೊಳಿಸಿದ್ದೇವೆ.

ಎರಡು ಬಗೆಯ ಸ್ಥಾನ

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಮುಂತಾದ ತಾಣಗಳಲ್ಲಿ ಗಿರಾಕಿ ಒಂದು ಪದ ಟೈಪ್ ಮಾಡಿದಾಗ ಸಾಮಾನುಗಳ ಸಾಲು ಬರುತ್ತದೆ. ಅದರಲ್ಲಿ ಕೆಲವುಗಳ ಹತ್ತಿರ ಸಣ್ಣ ಅಕ್ಷರದಲ್ಲಿ Sponsored ಎಂದೋ Ad ಎಂದೋ ಬರೆದಿರುತ್ತದೆ. ಅವು ದುಡ್ಡು ಕೊಟ್ಟು ಪಡೆದ ಜಾಗಗಳು. ಉಳಿದವು ತಾಣವೇ ತನ್ನ ಲೆಕ್ಕಾಚಾರದಿಂದ ಜೋಡಿಸಿದವು; ಇದನ್ನು ನಾವು ಸಹಜ ಸ್ಥಾನ ಅಂತ ಕರೆಯೋಣ. ಗಿರಾಕಿ ಹುಡುಕಿದ ಪದಕ್ಕೂ ನಮ್ಮ ಸಾಮಾನಿಗೂ ಎಷ್ಟು ಹೊಂದಿಕೆ ಇದೆ, ಆ ಪದ ಹುಡುಕಿದವರು ಎಷ್ಟು ಜನ ಅದನ್ನು ಕೊಂಡರು, ಬೆಲೆ ಏನು, ಸ್ಟಾಕ್ ಇದೆಯೇ ಎಂಬಂಥ ಸಂಗತಿಗಳು ಸಹಜ ಸ್ಥಾನಕ್ಕೆ ಸೇರುತ್ತವೆ.

ಜಾಹೀರಾತಿನ ಜಾಗ ದಿನಬಾಡಿಗೆ ಅಂಗಡಿಯ ಹಾಗೆ. ಬಾಡಿಗೆ ನಿಲ್ಲಿಸಿದ ಕ್ಷಣ ಅದು ಇನ್ನೊಬ್ಬರದು. ಸಹಜ ಸ್ಥಾನ ವ್ಯಾಪಾರದಿಂದ ಕೂಡಿಬಂದ ಹೆಸರಿನ ಹಾಗೆ. ಅದನ್ನು ನೇರವಾಗಿ ದುಡ್ಡಿಗೆ ಕೊಳ್ಳಲು ಬರುವುದಿಲ್ಲ.

ಪದ ಮತ್ತು ಬಿಡ್

ಜಾಹೀರಾತು ಹಾಕುವಾಗ ಎರಡು ದಾರಿ ಇವೆ. ಒಂದು, ಯಾವ ಪದಗಳಿಗೆ ತೋರಿಸಬೇಕು ಎಂಬುದನ್ನು ತಾಣಕ್ಕೇ ಬಿಡುವುದು. ಇನ್ನೊಂದು, ಪದಗಳನ್ನು ಅಂದರೆ ಕೀವರ್ಡ್‌ಗಳನ್ನು ನಾವೇ ಆರಿಸುವುದು. ಅಮೆಜಾನಿನ Sponsored Products ಎಂಬ ಜಾಹೀರಾತಿನಲ್ಲಿ ನಾವು ಆರಿಸಿದ ಪದಕ್ಕೂ ಮೂರು ಅಳತೆ ಇದೆ. Broad ಎಂದರೆ ಆ ಪದಕ್ಕೆ ಹತ್ತಿರದ ಹುಡುಕಾಟಕ್ಕೆಲ್ಲ ತೋರಿಸುತ್ತದೆ. Phrase ಎಂದರೆ ನಮ್ಮ ಪದಗಳು ಅದೇ ಅನುಕ್ರಮದಲ್ಲಿ ಇರಬೇಕು, ಹಿಂದೆ ಮುಂದೆ ಬೇರೆ ಪದ ಇದ್ದರೂ ನಡೆಯುತ್ತದೆ. Exact ಎಂದರೆ ಹೆಚ್ಚುಕಡಿಮೆ ಅದೇ ಪದವನ್ನೇ ಹುಡುಕಿದವರಿಗೆ ಮಾತ್ರ.

ಬಿಡ್ ಎಂದರೆ ಒಬ್ಬರು ನಮ್ಮ ಜಾಹೀರಾತನ್ನು ಒತ್ತಿದರೆ ನಾವು ಕೊಡಲು ಒಪ್ಪುವ ಹೆಚ್ಚಿನ ಹಣ. ಸುಮ್ಮನೆ ನೋಡಿ ಹೋದರೆ ಖರ್ಚಿಲ್ಲ, ಒತ್ತಿದರೆ ಖರ್ಚು, ಕೊಂಡರೂ ಕೊಳ್ಳದಿದ್ದರೂ ಸರಿ. ಪ್ರತಿ ಹುಡುಕಾಟಕ್ಕೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಂದು ಹರಾಜು ನಡೆಯುತ್ತದೆ. ಬರೀ ಹೆಚ್ಚು ಕೂಗಿದವರು ಗೆಲ್ಲುವುದಿಲ್ಲ. ಪದಕ್ಕೆ ಸಾಮಾನು ಹೊಂದುತ್ತದೋ ಇಲ್ಲವೋ ಎಂಬುದನ್ನೂ ನೋಡುತ್ತಾರೆ. ಗೆದ್ದಾಗ ಸಾಮಾನ್ಯವಾಗಿ ನಮ್ಮ ಪೂರ್ತಿ ಬಿಡ್ ಹೋಗುವುದಿಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆ ಹೋಗುತ್ತದೆ.

ಇಲ್ಲಿ ಒಂದು ಎಚ್ಚರ. ಅದೇ ಅಮೆಜಾನಿನಲ್ಲಿ Dynamic bids - up and down ಎಂಬ ಆಯ್ಕೆ ಒತ್ತಿದರೆ, ಮೊದಲ ಪುಟದ ಮೇಲ್ಭಾಗದ ಜಾಗಕ್ಕೆ ತಾಣವೇ ನಮ್ಮ ಬಿಡ್ಡನ್ನು ಎರಡರಷ್ಟರವರೆಗೂ ಏರಿಸಬಹುದು. 5 ರೂ. ಬರೆದವರಿಗೆ 10 ರೂ. ತಗಲಬಹುದು. ಕೈಯಲ್ಲಿ ಬಂಡವಾಳ ಕಡಿಮೆ ಇರುವ ಸಂಘಗಳು Dynamic bids - down only ಇಟ್ಟುಕೊಳ್ಳುವುದು ಕ್ಷೇಮ. ಅದರಲ್ಲಿ ಬಿಡ್ ಇಳಿಯಬಹುದೇ ಹೊರತು ಏರುವುದಿಲ್ಲ.

ಮೊದಲ ತಿಂಗಳಲ್ಲಿ ಆದದ್ದು

ನಮ್ಮ ಎರಡು ತರಕಾರಿ ಚೀಲಗಳ ಜೋಡಿಗೆ ಬೆಲೆ 300 ರೂ. ಬಟ್ಟೆ, ದಾರ, ಹೊಲಿಗೆ ಕೂಲಿ ಸೇರಿ 160 ರೂ. ತಾಣದ ಕಮಿಷನ್ ಮತ್ತು ಸಾಗಣೆ 80 ರೂ. ಉಳಿಯುವುದು 60 ರೂ. ಒಂದು ಜೋಡಿ ಮಾರಲು ಜಾಹೀರಾತಿಗೆ 60 ರೂ.ಗಿಂತ ಹೆಚ್ಚು ಹೋದರೆ ಸಂಘದ ಗಂಟಿನಿಂದ ಹೋದ ಹಾಗೆ.

ನಾವು ಪದ ಆರಿಸುವುದನ್ನು ತಾಣಕ್ಕೇ ಬಿಟ್ಟು, ದಿನಕ್ಕೆ ಸುಮಾರು 100 ರೂ.ನಂತೆ 20 ದಿನ ಓಡಿಸಿದೆವು. 400 ಕ್ಲಿಕ್, ಕ್ಲಿಕ್ಕಿಗೆ ಸರಾಸರಿ 5 ರೂ., ಒಟ್ಟು 2,000 ರೂ. ಜಾಹೀರಾತಿನಿಂದ ಬಂದ ಆರ್ಡರ್ 16. ಅಂದರೆ 4,800 ರೂ. ಮಾರಾಟ. ಕೇಳಲು ಚೆನ್ನಾಗಿದೆ. ಆದರೆ 16 ಜೋಡಿಯಿಂದ ಉಳಿದದ್ದು 960 ರೂ., ಖರ್ಚು 2,000 ರೂ.

ದುಡ್ಡು ಎಲ್ಲಿ ಸೋರಿತು ಅಂತ ತಿಳಿಯಲು ಗಿರಾಕಿಗಳು ನಿಜವಾಗಿ ಏನು ಟೈಪ್ ಮಾಡಿದರು ಎಂಬ ವರದಿ ನೋಡಬೇಕು. ಇದನ್ನು ಸರ್ಚ್ ಟರ್ಮ್ ವರದಿ ಎನ್ನುತ್ತಾರೆ. ನಮ್ಮ ವರದಿಯಲ್ಲಿ college bag ಎಂದು ಹುಡುಕಿದವರು 150 ಸಲ ಒತ್ತಿದ್ದರು, ಒಬ್ಬರೂ ಕೊಂಡಿರಲಿಲ್ಲ. 750 ರೂ. ನೀರಿಗೆ ಹೋಯಿತು. ಬರೀ bag ಎಂದವರಿಂದ 130 ಕ್ಲಿಕ್, 2 ಆರ್ಡರ್. cotton vegetable bag ಎಂದವರಿಂದ 100 ಕ್ಲಿಕ್, 8 ಆರ್ಡರ್. ಕೊನೆಗೆ ನಮ್ಮ ಚೀಲದ ಹೆಸರನ್ನೇ ಹೇಳಿ ಹುಡುಕಿದವರಿಂದ ಕೇವಲ 20 ಕ್ಲಿಕ್, 6 ಆರ್ಡರ್.

ಕೊನೆಯ ಸಾಲು ಕಂಡು ಎಲ್ಲರಿಗೂ ಖುಷಿಯಾಯಿತು. 100 ರೂ. ಖರ್ಚಿಗೆ 6 ಆರ್ಡರ್! ಆದರೆ ನಿಂತು ಯೋಚಿಸಿ. ನಮ್ಮ ಹೆಸರು ಹೇಳಿಕೊಂಡು ಬಂದವರು ಜಾಹೀರಾತು ಇಲ್ಲದಿದ್ದರೂ ಬರುತ್ತಿದ್ದರು. ಆ ಪದಕ್ಕೆ ನಮ್ಮ ಚೀಲ ಸಹಜವಾಗಿಯೇ ಮೊದಲು ಇತ್ತು. ಅದರ ಮೇಲೆ ನಮ್ಮದೇ ಜಾಹೀರಾತು ಬಂದು ಕೂತಿತು, ಗಿರಾಕಿ ಅದನ್ನು ಒತ್ತಿದರು. ಮನೆ ಬಾಗಿಲಿಗೆ ಬಂದ ನೆಂಟರನ್ನು ಒಳಗೆ ಕರೆಯಲು ದಲ್ಲಾಳಿಗೆ ದುಡ್ಡು ಕೊಟ್ಟ ಹಾಗಾಯಿತು.

ಇದು ಊಹೆಯಲ್ಲ ಎಂಬುದಕ್ಕೆ ಒಟ್ಟು ಆರ್ಡರ್ ನೋಡಿದರೆ ಸಾಕು. ಜಾಹೀರಾತು ಇಲ್ಲದ ಹಿಂದಿನ ತಿಂಗಳು 30 ಜೋಡಿ ಮಾರಿದ್ದೆವು. ಜಾಹೀರಾತಿನ ತಿಂಗಳು ಒಟ್ಟು 38. ವರದಿ 16 ಎಂದರೂ ನಿಜವಾಗಿ ಹೆಚ್ಚಿದ್ದು 8 ಮಾತ್ರ. ಒತ್ತಿದ ಅದೇ ದಿನವಲ್ಲದೆ ನಂತರದ ಕೆಲವು ದಿನ ಬಂದ ಆರ್ಡರನ್ನೂ ವರದಿ ಜಾಹೀರಾತಿನ ಖಾತೆಗೇ ಬರೆಯುತ್ತದೆ. ಆದ್ದರಿಂದ ಜಾಹೀರಾತಿನ ವರದಿಯನ್ನು ಒಂಟಿಯಾಗಿ ಓದಬೇಡಿ, ಪಕ್ಕದಲ್ಲಿ ಒಟ್ಟು ಮಾರಾಟದ ಲೆಕ್ಕ ಇರಲಿ. ಹಬ್ಬದ ತಿಂಗಳನ್ನು ಸಾದಾ ತಿಂಗಳಿಗೆ ಹೋಲಿಸಿದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಬಿಡ್ ಎಷ್ಟಿರಬೇಕು?

ಮುಂದಿನ ತಿಂಗಳು ಮೂರು ಕೆಲಸ ಮಾಡಿದೆವು. college ಎಂಬ ಪದವನ್ನೂ ನಮ್ಮ ಚೀಲದ ಹೆಸರನ್ನೂ ಬೇಡದ ಪದಗಳ ಪಟ್ಟಿಗೆ ಸೇರಿಸಿದೆವು. ಇದನ್ನು ನೆಗೆಟಿವ್ ಕೀವರ್ಡ್ ಎನ್ನುತ್ತಾರೆ. ತಾಣಕ್ಕೇ ಬಿಟ್ಟಿದ್ದ ಜಾಹೀರಾತು ನಿಲ್ಲಿಸಿದೆವು. cotton vegetable bag ಒಂದನ್ನೇ Exact ಅಳತೆಯಲ್ಲಿ ಇಟ್ಟೆವು.

ಅದಕ್ಕೆ ಬಿಡ್ ಹೇಗೆ ಕಟ್ಟಿದೆವು? 100 ಕ್ಲಿಕ್ಕಿಗೆ 8 ಆರ್ಡರ್. 8 ಜೋಡಿಯಿಂದ ಉಳಿಯುವುದು 480 ರೂ. ಅದನ್ನು 100ರಿಂದ ಭಾಗಿಸಿದರೆ ಕ್ಲಿಕ್ಕಿಗೆ 4 ರೂ. 80 ಪೈಸೆ. ಅದರ ಮೇಲೆ ಹೋದರೆ ನಷ್ಟ. ನಾವು 4 ರೂ. ಇಟ್ಟೆವು. ಬಿಡ್ ಇಳಿಸಿದ್ದರಿಂದ ಕ್ಲಿಕ್ ಕಡಿಮೆಯಾಯಿತು: 75 ಕ್ಲಿಕ್, 300 ರೂ. ಖರ್ಚು, 6 ಆರ್ಡರ್. 360ರಲ್ಲಿ 300 ಕಳೆದರೆ 60 ರೂ. ಉಳಿತಾಯ. ಸಣ್ಣದು, ಆದರೆ ಗಂಟು ಕರಗಲಿಲ್ಲ. 10-20 ಕ್ಲಿಕ್ ನೋಡಿ ಈ ಲೆಕ್ಕ ಕಟ್ಟಬೇಡಿ. ಒಂದೆರಡು ಆರ್ಡರ್ ಆಚೀಚೆ ಆದರೂ ಉತ್ತರ ತಲೆಕೆಳಗಾಗುತ್ತದೆ.

ಬೇರೆಯವರು ಹೆಚ್ಚು ಕೂಗುತ್ತಾರೆ ಅಂತ ನಾವೂ ಏರಿಸಬೇಕಾಗಿಲ್ಲ. ದೀಪಾವಳಿ ಸಮಯದಲ್ಲಿ ದೊಡ್ಡ ಕಂಪನಿಗಳು ನಷ್ಟಕ್ಕೂ ಕೂಗಬಲ್ಲವು, ನಮ್ಮಿಂದ ಆಗದು. ಅದರ ಬದಲು ಫೋಟೋ ಸರಿಮಾಡಿ. ಚೀಲದೊಳಗೆ ತರಕಾರಿ ತುಂಬಿ ತೋರಿಸಿ, ಎಷ್ಟು ಕಿಲೋ ಹಿಡಿಯುತ್ತದೆ ಬರೆಯಿರಿ. 100 ಕ್ಲಿಕ್ಕಿಗೆ 8ರ ಜಾಗದಲ್ಲಿ 12 ಆರ್ಡರ್ ಬಂದರೆ, ಅದೇ ಲೆಕ್ಕದಲ್ಲಿ ಕ್ಲಿಕ್ಕಿಗೆ 7 ರೂ. 20 ಪೈಸೆ ತನಕ ತಾಳುತ್ತದೆ.

ಸಹಜ ಸ್ಥಾನ ಏರಿತೇ?

ಜಾಹೀರಾತು ಹಾಕಿದ ಮಾತ್ರಕ್ಕೆ ಸಹಜ ಸ್ಥಾನ ಏರುವುದಿಲ್ಲ. ಆದರೆ ಜಾಹೀರಾತಿನಿಂದ ಬಂದವರು ಕೊಂಡರೆ ಅದೂ ಮಾರಾಟವೇ, ಮಾರಾಟ ಆ ಪದದ ಸಹಜ ಸ್ಥಾನಕ್ಕೆ ಸಹಾಯ ಮಾಡಬಹುದು. ಒತ್ತಿ ನೋಡಿ ಕೊಳ್ಳದೆ ಹೋದರೆ ಆ ಸಹಾಯವೂ ಇಲ್ಲ. College bag ಹುಡುಕಿದ 150 ಕ್ಲಿಕ್ ನಮಗೆ ಯಾವ ಸ್ಥಾನವನ್ನೂ ಕೊಡಲಿಲ್ಲ.

ಇದನ್ನು ಅಳೆಯಲು ನಾವು ಪ್ರತಿ ಸೋಮವಾರ ಒಂದೇ ಪಿನ್‌ಕೋಡ್ ಹಾಕಿ, ನಮ್ಮ ಖಾತೆ ಇಲ್ಲದ ಫೋನಿನಲ್ಲಿ cotton vegetable bag ಎಂದು ಹುಡುಕಿ, Sponsored ಎಂದಿರುವುದನ್ನೆಲ್ಲ ಬಿಟ್ಟು ನಮ್ಮ ಚೀಲ ಎಷ್ಟನೆಯದು ಅಂತ ಎಣಿಸಿ ಬರೆದೆವು. ಸ್ವಂತ ಫೋನಿನಲ್ಲಿ ನೋಡಿದರೆ ಹಿಂದೆ ನೋಡಿದ್ದನ್ನೇ ಮುಂದೆ ತರಬಹುದು, ಅದನ್ನು ನಂಬಬೇಡಿ. ಮೂರನೇ ಪುಟದಲ್ಲಿದ್ದ ಚೀಲ ಎಂಟು ವಾರದಲ್ಲಿ ಮೊದಲನೇ ಪುಟದ ಕೆಳಭಾಗಕ್ಕೆ ಬಂತು. ಆಮೇಲೆ ಎರಡು ವಾರ ಜಾಹೀರಾತು ನಿಲ್ಲಿಸಿದೆವು. ಎರಡನೇ ಪುಟಕ್ಕೆ ಜಾರಿತು, ಮೂರಕ್ಕೆ ಹೋಗಲಿಲ್ಲ. ಹೀಗೆ ನಿಲ್ಲಿಸಿ ನೋಡುವುದೇ ನಿಜವಾದ ಪರೀಕ್ಷೆ. ನಿಲ್ಲಿಸಿದ ಕೂಡಲೇ ಮೊದಲಿದ್ದಲ್ಲಿಗೇ ಬಿದ್ದರೆ ನಾವು ಕೊಂಡದ್ದು ಬಾಡಿಗೆ ಮಾತ್ರ. ಸ್ಟಾಕ್ ಮುಗಿದಾಗಲೂ ಗಳಿಸಿದ ಸ್ಥಾನ ಕೈತಪ್ಪಬಹುದು, ಆದ್ದರಿಂದ ಚೀಲ ಸಿದ್ಧವಿಲ್ಲದೆ ಜಾಹೀರಾತು ಹಾಕಬೇಡಿ.

ಸ್ಥಾನ ಹೇಗೆ ನಿರ್ಧಾರವಾಗುತ್ತದೆ ಎಂದು ಕೇಳುವ ಹಕ್ಕೂ ನಮಗಿದೆ. 2020ರ ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ, ಸಾಮಾನುಗಳನ್ನು ಸಾಲು ಹಚ್ಚುವ ಮುಖ್ಯ ಮಾನದಂಡಗಳನ್ನು ಮಾರುಕಟ್ಟೆ ತಾಣಗಳು ಸರಳ ಭಾಷೆಯಲ್ಲಿ ತಿಳಿಸಬೇಕು. ನಿಮ್ಮ ತಾಣದಲ್ಲಿ ಆ ಪುಟ ಹುಡುಕಿ ಓದಿ.

ಮುಂದಿನ ಸಭೆಗೆ ಪ್ರತಿ ಸಂಘವೂ ಮೂರು ಅಂಕಿ ಬರೆದು ತರಲಿ: ಒಂದು ಸಾಮಾನಿನಲ್ಲಿ ಕೈಗೆ ಉಳಿಯುವ ಹಣ, 100 ಕ್ಲಿಕ್ಕಿಗೆ ಬಂದ ಆರ್ಡರ್, ಜಾಹೀರಾತಿಗೆ ಮೊದಲಿನ ಮತ್ತು ನಂತರದ ಒಟ್ಟು ಮಾರಾಟ. ಇನ್ನು ಆ ಅಕ್ಕನ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇದು: "ಇಲ್ಲ ಅಕ್ಕಾ, ದುಡ್ಡು ಗಿರಾಕಿಯನ್ನ ಚೀಲದ ಮುಂದೆ ತಂದು ನಿಲ್ಲಿಸತ್ತೆ, ಅಷ್ಟೇ. ಅವರು ಕೊಂಡ್ರೆ ಮಾತ್ರ ಚೀಲ ಮುಂದಕ್ಕೆ ಹೋಗತ್ತೆ." ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಹಿಡಿ ಇನ್ನೊಂದು ಸಾಲು ಹೊಲಿಗೆ ಹಾಕಿ ಗಟ್ಟಿ ಮಾಡ್ತೀನಿ" ಅಂದರು.