ಹದಿನಾಲ್ಕು ವರ್ಷದ ಹಳೆಯ ಬಾಕಿ

2023ರ ಆಗಸ್ಟ್‌ನಲ್ಲಿ ಆದಾಯ ತೆರಿಗೆ ಇಲಾಖೆಯಿಂದ ಒಂದು ಇಮೇಲ್ ಬಂತು. ಠೇವಣಿ ಬಡ್ಡಿಯ ಮೇಲೆ ಬ್ಯಾಂಕು ಹಿಡಿದಿದ್ದ ತೆರಿಗೆಯಲ್ಲಿ 18,640 ರೂಪಾಯಿ ನನಗೆ ರೀಫಂಡ್ ಬರಬೇಕಿತ್ತು. 2009–10ರ ತೆರಿಗೆ ನಿರ್ಧಾರ ವರ್ಷದಲ್ಲಿ ನನ್ನ ಹೆಸರಿನಲ್ಲಿ 35,510 ರೂಪಾಯಿ ಬಾಕಿಯಿದ್ದು, ರೀಫಂಡನ್ನು ಅದಕ್ಕೆ ಹೊಂದಿಸಿಕೊಳ್ಳುತ್ತೇವೆ ಎಂದು ಅದರಲ್ಲಿ ಬರೆದಿತ್ತು. ಆ ವರ್ಷ ನಾನು ಹೈಸ್ಕೂಲ್ ಮೇಷ್ಟ್ರು. ತೆರಿಗೆಯೆಲ್ಲ ಸಂಬಳದಲ್ಲೇ ಕಡಿತವಾಗಿತ್ತು. ಬಾಕಿಯ ಬಗ್ಗೆ ಒಂದು ಸಾಲಿನ ಕಾಗದವೂ ನನ್ನ ಕೈಸೇರಿರಲಿಲ್ಲ.

ಇಮೇಲ್ ಬಂದದ್ದು 245ನೇ ಕಲಮಿನಡಿ. ಹಳೆ ಬಾಕಿಗೆ ರೀಫಂಡ್ ಮುರಿದುಕೊಳ್ಳುವ ಮೊದಲು ಲಿಖಿತವಾಗಿ ತಿಳಿಸಬೇಕು ಎನ್ನುತ್ತಿತ್ತು ಆ ಕಲಮು. ಉತ್ತರ ಕೊಡಲು ನನಗಿದ್ದದ್ದು 21 ದಿನ. ಪೋರ್ಟಲ್‌ನಲ್ಲಿ Pending Actions ಅಡಿಯ Response to Outstanding Demand ತೆರೆದರೆ ಎರಡು ದಾರಿ ಕಾಣುತ್ತವೆ. Demand is correct ಒತ್ತಿದರೆ ಆಮೇಲೆ ತಕರಾರು ಎತ್ತಲು ಬರುವುದಿಲ್ಲ. ನಾನು Disagree with demand ಒತ್ತಿ, ಕಾರಣದ ಜಾಗದಲ್ಲಿ ‘ನೋಟಿಸ್ ಬಂದಿಲ್ಲ’ ಎಂದಷ್ಟೇ ಬರೆದೆ.

ಅಲ್ಲೇ ನಾನು ಎಡವಿದ್ದು. ಉತ್ತರ ನಮ್ಮೂರಿನ ತೆರಿಗೆ ಅಧಿಕಾರಿಯ ಬಳಿಗೆ ಹೋಯಿತು. ಅವರ ಕಂಪ್ಯೂಟರಿನಲ್ಲಿ ಬಾಕಿ ಹಾಗೇ ಇತ್ತು, ಅದನ್ನೇ ಖಚಿತಪಡಿಸಿದರು. ಅಕ್ಟೋಬರ್‌ನಲ್ಲಿ ರೀಫಂಡ್ ಪೂರ್ತಿ ಮುರಿದುಹೋಯಿತು.

ಪರಿಚಯದ ಆಡಿಟರೊಬ್ಬರು ಕೂರಿಸಿಕೊಂಡು ಬಿಡಿಸಿ ಹೇಳಿದರು: ‘ಮೇಷ್ಟ್ರೇ, ನಿಮ್ಮಲ್ಲಿ ಎರಡು ತಕರಾರಿವೆ, ನೀವು ಒಂದನ್ನೇ ಹೇಳಿದ್ದೀರಿ, ಅದನ್ನೂ ಅರ್ಧ. ಒಂದು, ಬಾಕಿ ತಿಳಿಸಲೇ ಇಲ್ಲ. ಇನ್ನೊಂದು, ಬಾಕಿ ಹುಟ್ಟಿದ್ದೇ ತಪ್ಪು. ಎರಡಕ್ಕೂ ಬೇರೆ ಬೇರೆ ಪುರಾವೆ ಬೇಕು.’

ಮೊದಲನೆಯದರಲ್ಲಿ ‘ಬಂದಿಲ್ಲ’ ಎನ್ನುವುದನ್ನು ನಾವು ರುಜುವಾತು ಮಾಡಲಾಗದು. ‘ಕಳಿಸಿದ್ದಕ್ಕೆ ದಾಖಲೆ ಕೊಡಿ’ ಎಂದು ಕೇಳಬಹುದು. ತಿಳಿಸಿದ್ದಕ್ಕೆ ಸಾಕ್ಷ್ಯ ಕೊಡುವ ಹೊಣೆ ಇಲಾಖೆಯದು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ, ಇಂಥದೇ ಹಳೆ ಬಾಕಿಗಳ ಪ್ರಕರಣದಲ್ಲಿ, ಹೇಳಿದೆ. ನಾನು ರಿಟರ್ನ್ ಸಲ್ಲಿಸಿದ್ದು 2009ರ ಜುಲೈನಲ್ಲಿ. ಆಗಿನ ನಿಯಮದಂತೆ 143(1)ರ ಸೂಚನೆಯನ್ನು 2011ರ ಮಾರ್ಚ್ 31ರೊಳಗೆ ಕಳಿಸಿರಬೇಕಿತ್ತು. ಹಾಗಾಗಿ ಅಧಿಕಾರಿಗೆ ಬರೆದ ಪತ್ರದಲ್ಲಿ ಮೂರು ಕೇಳಿದೆ: ಸೂಚನೆಯ ಪ್ರತಿ, ರವಾನೆ ವಹಿಯ ನಮೂದು, ಅಂಚೆ ರಸೀದಿ. ರಿಟರ್ನಿನಲ್ಲಿ ಬರೆದ ವಿಳಾಸದಲ್ಲೇ ಇಂದಿಗೂ ಇದ್ದೇನೆ ಎಂದೂ ಸೇರಿಸಿದೆ. ಮನೆ ಬದಲಿಸಿ ವಿಳಾಸ ತಿದ್ದಿಸದೇ ಇದ್ದಿದ್ದರೆ ಈ ವಾದಕ್ಕೆ ಬಲ ಇರುತ್ತಿರಲಿಲ್ಲ, ಯಾಕೆಂದರೆ ಹಳೆ ವಿಳಾಸಕ್ಕೆ ಕಳಿಸಿದೆವು ಎಂದು ಅವರು ಹೇಳಬಹುದು.

ಎರಡನೆಯದಕ್ಕೆ ಟ್ರಂಕಿನಿಂದ ಹಳೆಯ ಫಾರ್ಮ್ 16 ಹೊರಗೆ ಬಂತು. ತೆರಿಗೆ ಹಾಕಬೇಕಾದ ಆದಾಯ 3,60,000, ತೆರಿಗೆ ಸೆಸ್ ಸೇರಿ 27,810, ಕಡಿತವೂ ಅಷ್ಟೇ. ಸಂಬಳ ಕೊಡುವವರು ತಮ್ಮ ಟಿಡಿಎಸ್ ಪಟ್ಟಿಯಲ್ಲಿ ನನ್ನ ಪ್ಯಾನ್‌ನ ಒಂದಕ್ಷರ ತಪ್ಪಿ ಬರೆದಿದ್ದರಿಂದ 26ಎಎಸ್‌ನಲ್ಲಿ ಆ ಹಣವೇ ಇರಲಿಲ್ಲ. ಹಾಗಾಗಿ 27,810 ಪೂರ್ತಿ ಬಾಕಿಯಾಗಿ, ಮುಂಗಡ ತೆರಿಗೆ ಕಟ್ಟಲಿಲ್ಲವೆಂದು 24 ತಿಂಗಳಿಗೆ 6,672, ಕಂತುಗಳ ತಡಕ್ಕೆ 1,025 ಬಡ್ಡಿ ಕೂಡಿ 35,507 ಆಗಿ, ದುಂಡಗೆ 35,510 ಆಗಿತ್ತು. ಸಂಬಳದಲ್ಲಿ ಮುರಿದುಕೊಂಡ ತೆರಿಗೆಯನ್ನು ನೌಕರನಿಂದ ಮತ್ತೆ ಕೇಳುವಂತಿಲ್ಲ ಎನ್ನುತ್ತಿತ್ತು 205ನೇ ಕಲಮು. ಈ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು, ಫಾರ್ಮ್ 16 ಮತ್ತು ಆ ವರ್ಷದ ಸಂಬಳ ಚೀಟಿಗಳನ್ನು ಲಗತ್ತಿಸಿ ಕೊಟ್ಟೆ. ಮೊಹರು ಹಾಕಿದ ಸ್ವೀಕೃತಿ ಪ್ರತಿ ಇಟ್ಟುಕೊಂಡೆ.

ಅಧಿಕಾರಿ ಕಡತ ಹುಡುಕಿಸಿದರು. ಸೂಚನೆಗೆ 2011ರ ಮಾರ್ಚ್ 28ರ ದಿನಾಂಕ ಕಂಪ್ಯೂಟರಿನಲ್ಲಿತ್ತು, ರವಾನೆ ವಹಿಯಲ್ಲಿ ನನ್ನ ಹೆಸರಿರಲಿಲ್ಲ. ‘ದಿನಾಂಕ ಇದೆ, ಹೋದ ಗುರುತಿಲ್ಲ’ ಎಂದರು. ಆದರೂ ಅವರು ಬಾಕಿ ತೆಗೆದದ್ದು ಫಾರ್ಮ್ 16 ನೋಡಿದ ಮೇಲೆ. ಅಷ್ಟು ಹಳೆಯ ಆದೇಶ ತಿದ್ದಲು ನಾಲ್ಕು ವರ್ಷದ ಗಡುವು ಎಂದೋ ಮುಗಿದಿತ್ತು. ಸೂಚನೆಯೇ ಮುಟ್ಟಿಲ್ಲವೆಂದ ಮೇಲೆ ಗಡುವು ಎಲ್ಲಿಂದ ಎಣಿಸುವುದು ಎಂಬ ನನ್ನ ಪ್ರಶ್ನೆ ಅಲ್ಲಿ ಕೆಲಸಕ್ಕೆ ಬಂತು. ಮೊದಲ ತಕರಾರು ಬಾಗಿಲು ತೆರೆಯಿತು, ಎರಡನೆಯದು ಲೆಕ್ಕ ಚುಕ್ತಾ ಮಾಡಿತು.

2024ರ ಮಾರ್ಚ್‌ನಲ್ಲಿ ಬಾಕಿ ಸೊನ್ನೆಯಾಯಿತು. ಮುರಿದಿದ್ದ 18,640 ರೂಪಾಯಿ, ತಿಂಗಳಿಗೆ ಶೇ. 0.5ರ ಬಡ್ಡಿಯೊಂದಿಗೆ ಖಾತೆಗೆ ಬಂತು. ಫಾರ್ಮ್ 16 ಟ್ರಂಕಿಗೇ ವಾಪಸ್ ಹೋಯಿತು. ಈಗ ಅದರ ಪಕ್ಕದಲ್ಲಿ ಮೊಹರಿನ ಪ್ರತಿಯೂ ಇದೆ. ರೀಫಂಡ್ ಇರಲಿ, ಇಲ್ಲದಿರಲಿ, ವರ್ಷಕ್ಕೊಮ್ಮೆ ಜೂನ್‌ನಲ್ಲಿ ಪೋರ್ಟಲ್‌ನ ಬಾಕಿ ಪುಟ ತೆರೆದು ನೋಡುತ್ತೇನೆ.