ಇಲಿಜ್ವರದ ಮಾತ್ರೆ ನುಂಗಿ ಬಿಸಿಲಿಗೆ ಇಳಿಯುವ ಮುನ್ನ

ಕರಾವಳಿ, ಮಲೆನಾಡಿನ ಗದ್ದೆಗಳಲ್ಲಿ ಮಳೆಗಾಲ ಎಂದರೆ ಇಲಿಜ್ವರದ ಕಾಲವೂ ಹೌದು. ಇಲಿ, ಹೆಗ್ಗಣಗಳ ಮೂತ್ರ ಬೆರೆತ ನೀರಿನಲ್ಲಿ ಬರಿಗಾಲಲ್ಲಿ ನಿಂತು ದುಡಿಯುವವರಿಗೆ, ಕಾಲಿನ ಸಣ್ಣ ಗಾಯದ ಮೂಲಕ ರೋಗಾಣು ಒಳಗೆ ಸೇರುತ್ತದೆ. ಇದಕ್ಕೆ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಮಾತ್ರೆ ಡಾಕ್ಸಿಸೈಕ್ಲಿನ್. ಜ್ವರ ಬಂದವರಿಗೆ 100 ಮಿಲಿಗ್ರಾಂನ ಮಾತ್ರೆ ದಿನಕ್ಕೆ ಎರಡು ಸಲ, 7 ದಿನ. ರೋಗದ ಅಪಾಯ ಹೆಚ್ಚಿರುವ ಕಡೆ ಮುಂಜಾಗ್ರತೆಗಾಗಿ ವಾರಕ್ಕೊಮ್ಮೆ 200 ಮಿಲಿಗ್ರಾಂ ಕೊಡುವುದೂ ಇದೆ. ಜೀವ ಉಳಿಸುವ ಔಷಧಿ ಇದು, ಬೆಲೆಯೂ ಕಡಿಮೆ. ಆದರೆ ಇದನ್ನು ನುಂಗಿದವರ ಚರ್ಮ ಬಿಸಿಲನ್ನು ಎಂದಿನಂತೆ ತಡೆದುಕೊಳ್ಳುವುದಿಲ್ಲ. ಈ ಮಾತನ್ನು ರೈತರಿಗೆ ಬಿಡಿಸಿ ಹೇಳುವವರು ಕಡಿಮೆ.

ಒಂದು ಉದಾಹರಣೆ ನೋಡೋಣ. ಮಧ್ಯವಯಸ್ಸಿನ ರೈತರೊಬ್ಬರಿಗೆ ಜುಲೈಯಲ್ಲಿ ಇಲಿಜ್ವರ. ಮಾತ್ರೆ ಶುರುವಾದ ಮೂರನೇ ದಿನಕ್ಕೆ ಜ್ವರ ಇಳಿಯಿತು. ನಾಲ್ಕನೇ ದಿನ ಮಳೆ ಹೊಳವಾಗಿದೆ, ಗದ್ದೆಯಲ್ಲಿ ಕಳೆ ಎದ್ದಿದೆ, ಆಳು ಸಿಕ್ಕಿಲ್ಲ. ಮೋಡ ಮುಚ್ಚಿದ ಬಿಸಿಲು ತಾನೇ ಎಂದು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಬಗ್ಗಿ ಕಳೆ ಕಿತ್ತರು. ಮನೆಗೆ ಬರುವಷ್ಟರಲ್ಲಿ ಮೂಗು, ಕೆನ್ನೆ, ಕತ್ತಿನ ಹಿಂಭಾಗ, ಅಂಗೈಯ ಹಿಂಬದಿ ಚುರುಚುರು ಎನ್ನತೊಡಗಿತು. ರಾತ್ರಿಗೆ ಬಿಸಿನೀರು ಎರಚಿದಂತೆ ಉರಿ. ಮರುದಿನ ಚರ್ಮ ಕೆಂಪೇರಿ ಊದಿಕೊಂಡಿತು, ಕೈಯ ಮೇಲೆ ಅಲ್ಲಲ್ಲಿ ನೀರುಗುಳ್ಳೆ. ಅಂಗಿಯ ಒಳಗಿನ ಮೈ ಮಾತ್ರ ಎಂದಿನಂತೆಯೇ ಇತ್ತು.

ಇದು ಸಾಮಾನ್ಯವಾಗಿ ಅಲರ್ಜಿ ಅಲ್ಲ. ಮಾತ್ರೆಯ ಅಂಶ ರಕ್ತದ ಮೂಲಕ ಚರ್ಮಕ್ಕೆ ಬಂದಿರುತ್ತದೆ. ಬಿಸಿಲಿನಲ್ಲಿರುವ ‘ಯುವಿಎ’ ಎಂಬ ನೇರಳಾತೀತ ಕಿರಣವನ್ನು ಅದು ಹೀರಿಕೊಂಡು, ಸುತ್ತಲಿನ ಜೀವಕೋಶಗಳನ್ನು ಸುಡುತ್ತದೆ. ಆದ್ದರಿಂದ ಮೊದಲ ಸಲ ನುಂಗಿದವರಿಗೂ ಆಗಬಹುದು. ಮಾತ್ರೆಯ ಪ್ರಮಾಣ ಹೆಚ್ಚಿದಷ್ಟೂ, ಬಿಸಿಲು ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಯುವಿಎ ಮೋಡವನ್ನು ದಾಟಿ ಬರುತ್ತದೆ, ಜೀಪು, ಟ್ರ್ಯಾಕ್ಟರ್‌ ಕ್ಯಾಬಿನ್ನಿನ ಬದಿಯ ಗಾಜನ್ನೂ ದಾಟುತ್ತದೆ. ಸೆಖೆ ಇಲ್ಲ ಎಂದ ಮಾತ್ರಕ್ಕೆ ಕಿರಣ ಇಲ್ಲವೆಂದಲ್ಲ.

ನಮ್ಮವರ ಕಂದು, ಕಪ್ಪು ಚರ್ಮದಲ್ಲಿ ಕೆಂಪು ಬಣ್ಣ ಬೇಗ ಎದ್ದು ಕಾಣುವುದಿಲ್ಲ. ಬಣ್ಣಕ್ಕಾಗಿ ಕಾಯದೆ, ಮೊದಲ ಚುರುಚುರು ಬಂದಾಗಲೇ ಎಚ್ಚೆತ್ತುಕೊಳ್ಳಬೇಕು. ಆಗಲೇ ನೆರಳಿಗೆ ಬಂದರೆ ಗುಳ್ಳೆಯವರೆಗೆ ಹೋಗುವುದು ತಪ್ಪಬಹುದು. ಕೆಲವರಲ್ಲಿ ಉಗುರೂ ನೋಯುತ್ತದೆ, ಎರಡು ಮೂರು ವಾರದ ಮೇಲೆ ಉಗುರಿನ ತುದಿ ಕೆಳಗಿನ ಮಾಂಸದಿಂದ ಬಿಟ್ಟುಕೊಂಡು ಬೆಳ್ಳಗಾಗುತ್ತದೆ. ಅಷ್ಟರಲ್ಲಿ ಮಾತ್ರೆ ಮರೆತೇ ಹೋಗಿರುತ್ತದೆ. ಹಾಗಾಗಿ ಉಗುರಿಗೆ ಫಂಗಸ್ ಎಂದುಕೊಂಡು ಬೇಡದ ಔಷಧಿ ಹಚ್ಚುವವರಿದ್ದಾರೆ.

ರೈತರ ಮೈಮೇಲಿನ ಎಲ್ಲ ಉರಿಯೂ ಮಾತ್ರೆಯದ್ದಲ್ಲ. ಪಾರ್ಥೇನಿಯಂ, ಅಂದರೆ ನಾವು ಕಾಂಗ್ರೆಸ್ ಗಿಡ ಎನ್ನುವ ಕಳೆಯಿಂದಲೂ ಮುಖ, ಕುತ್ತಿಗೆ, ಕೈಗಳಲ್ಲೇ ತುರಿಕೆ ಏಳುತ್ತದೆ. ಎರಡನ್ನೂ ಬೇರೆ ಮಾಡಲು ದದ್ದು ಎಲ್ಲಿದೆ ಎಂಬುದಕ್ಕಿಂತ ಎಲ್ಲಿ ಇಲ್ಲ ಎಂದು ನೋಡುವುದು ಒಳ್ಳೆಯದು. ಬಿಸಿಲಿನದ್ದಾದರೆ ನೆರಳಿದ್ದ ಜಾಗ ಉಳಿದಿರುತ್ತದೆ: ಗಲ್ಲದ ಅಡಿ, ಕಿವಿಯ ಹಿಂದೆ, ಮೇಲಿನ ರೆಪ್ಪೆಯ ಮಡಿಕೆ, ಬಳೆ ಅಥವಾ ವಾಚ್ ಕಟ್ಟಿದ ಪಟ್ಟಿ. ಅಂಗಿಯ ಕಾಲರ್ ಇದ್ದಲ್ಲಿ ಗೆರೆ ಎಳೆದಂತೆ ಅಂಚು ಕಾಣುತ್ತದೆ. ಕಾಂಗ್ರೆಸ್ ಗಿಡದ ಧೂಳು ಗಾಳಿಯಲ್ಲಿ ತೇಲಿಬಂದು ಈ ಸಂದುಗಳಲ್ಲೇ ಕೂರುವುದರಿಂದ ರೆಪ್ಪೆ, ಕಿವಿಯ ಹಿಂದೆ, ಮೊಣಕೈಯ ಒಳಮಡಿಕೆಗಳೂ ಬಾಧೆಗೆ ಒಳಗಾಗುತ್ತವೆ. ಅಲ್ಲಿ ಉರಿಗಿಂತ ತುರಿಕೆ ಜಾಸ್ತಿ. ವರ್ಷಗಟ್ಟಲೆ ಹಳೆಯದಾದ ಪಾರ್ಥೇನಿಯಂ ಅಲರ್ಜಿ ಬಿಸಿಲಿನ ದದ್ದಿನಂತೆಯೇ ಕಾಣುವುದುಂಟು. ಅದನ್ನು ಚರ್ಮವೈದ್ಯರೇ ನೋಡಿ ಹೇಳಬೇಕು.

ಇನ್ನು ಪರಿಹಾರ. ಉರಿ ಬಂತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅರ್ಧಕ್ಕೆ ಬಿಟ್ಟ ಇಲಿಜ್ವರ ಮೂತ್ರಪಿಂಡ, ಯಕೃತ್ತಿಗೆ ಹೋದರೆ ಅದು ಚರ್ಮದ ಉರಿಗಿಂತ ಎಷ್ಟೋ ದೊಡ್ಡ ಅಪಾಯ. ಬಿಸಿಲನ್ನು ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ಬೇಕೆಂದರೆ ಅವರೇ ಬೇರೆ ಔಷಧಿಗೆ ಬದಲಿಸುತ್ತಾರೆ. ಉರಿಯುವ ಜಾಗಕ್ಕೆ ತಣ್ಣೀರಿನ ಒದ್ದೆ ಬಟ್ಟೆ ಹಾಕಿ, ಗುಳ್ಳೆ ಒಡೆಯಬೇಡಿ. ನಿಂಬೆರಸವನ್ನಂತೂ ಹಚ್ಚಲೇಬೇಡಿ. ನಿಂಬೆಯಲ್ಲೇ ಬಿಸಿಲಿಗೆ ಚರ್ಮ ಸುಡುವ ಅಂಶವಿದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಸ್ಟೀರಾಯ್ಡ್ ಬೆರೆತ ಟ್ಯೂಬುಗಳೂ ಬೇಡ. ಸ್ಟೀರಾಯ್ಡ್ ಮುಲಾಮು ಬೇಕಾದರೂ ಯಾವುದು, ಎಷ್ಟು ದಿನ ಎಂದು ವೈದ್ಯರು ಹೇಳಲಿ. ಬಟ್ಟೆಯೊಳಗಿನ ಮೈಗೂ ದದ್ದು ಹರಡಿದರೆ, ಬಾಯಿ, ಕಣ್ಣಲ್ಲಿ ಹುಣ್ಣಾದರೆ, ಚರ್ಮ ಪದರವಾಗಿ ಕಿತ್ತು ಬಂದರೆ ಅದು ಬಿಸಿಲಿನ ತೊಂದರೆ ಅಲ್ಲ, ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ತಡೆಗಟ್ಟುವುದು ಕಷ್ಟವಲ್ಲ. ಮಾತ್ರೆಯ ಅವಧಿಯಲ್ಲಿ, ಕೊನೆಯ ಮಾತ್ರೆಯ ನಂತರವೂ ಐದು ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಗದ್ದೆ ಕೆಲಸ ಬಿಡಿ. ಬಿಡಲಾಗದಿದ್ದರೆ ಒತ್ತಾಗಿ ನೇಯ್ದ, ಗಾಢ ಬಣ್ಣದ ತುಂಬುತೋಳಿನ ಅಂಗಿ ಹಾಕಿ. ತೆಳು ಬಿಳಿ ಬಟ್ಟೆ ಒದ್ದೆಯಾದರೆ ಕಿರಣವನ್ನು ಇನ್ನಷ್ಟು ಒಳಬಿಡುತ್ತದೆ. ಅಡಿಕೆ ಹಾಳೆಯ ಮುಟ್ಟಾಳೆ ನೆತ್ತಿ ಕಾಯುತ್ತದೆ, ಆದರೆ ಅಂಚಿಲ್ಲದ ಕಾರಣ ಮೂಗು, ಕತ್ತಿಗೆ ನೆರಳಾಗುವುದಿಲ್ಲ. ಅದರ ಕೆಳಗೆ ಒಂದು ಬೈರಾಸು ಇಳಿಬಿಟ್ಟು ಕಿವಿ, ಕತ್ತು, ಕೆನ್ನೆ ಮುಚ್ಚಿಕೊಳ್ಳಿ. ಬಗ್ಗಿ ದುಡಿಯುವವರಿಗೆ ಮೊದಲು ಸುಡುವುದು ಕತ್ತಿನ ಹಿಂಭಾಗವೇ. ಸನ್‌ಸ್ಕ್ರೀನ್ ಕೊಳ್ಳುವುದಾದರೆ ಯುವಿಎ ತಡೆಯುವುದನ್ನೇ ಕೇಳಿ. ಎಸ್‌ಪಿಎಫ್ ಅಂಕಿ ಮುಖ್ಯವಾಗಿ ಬೇರೆ ಕಿರಣದ ಲೆಕ್ಕ, ಅದನ್ನೊಂದೇ ನಂಬುವಂತಿಲ್ಲ. ಬೆವರು, ನೀರಿನಲ್ಲಿ ತೊಳೆದುಹೋಗುವುದರಿಂದ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ವಾರಕ್ಕೊಮ್ಮೆಯ ಮಾತ್ರೆಯಾದರೆ, ಗದ್ದೆ ಕೆಲಸವಿಲ್ಲದ ದಿನದ ಹಿಂದಿನ ಸಂಜೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಊಟದ ಜತೆ, ತುಂಬು ಲೋಟ ನೀರಿನಲ್ಲಿ ನುಂಗಿ, ಅರ್ಧ ಗಂಟೆಯಾದರೂ ಮಲಗಬೇಡಿ. ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾಗಬಹುದು.

ಬಿಸಿಲಿಗೆ ತೊಂದರೆ ಕೊಡುವುದು ಡಾಕ್ಸಿಸೈಕ್ಲಿನ್ ಒಂದೇ ಅಲ್ಲ. ಸಿಪ್ರೊಫ್ಲಾಕ್ಸಾಸಿನ್, ಸಲ್ಫಾ ಮಾತ್ರೆಗಳೂ ಇದೇ ಸಾಲಿನವು. ಬೆನ್ನು, ಮಂಡಿ ನೋವಿಗೆ ನುಂಗುವ ನ್ಯಾಪ್ರಾಕ್ಸೆನ್, ಪೈರಾಕ್ಸಿಕಾಂ ಕೂಡ ಹೀಗೆ ಮಾಡಬಹುದು. ನ್ಯಾಪ್ರಾಕ್ಸೆನ್‌ನಿಂದ ಕೈಯ ಹಿಂಬದಿಯಲ್ಲಿ ಗುಳ್ಳೆ ಎದ್ದು, ಚರ್ಮ ತುಸು ತಾಗಿದರೂ ಸುಲಿಯುವಷ್ಟು ನಾಜೂಕಾಗಿ, ಕಲೆ ಉಳಿಯುವುದುಂಟು. ಕೀಟೊಪ್ರೊಫೆನ್ ಇರುವ ನೋವಿನ ಜೆಲ್ ಹಚ್ಚಿದ ಜಾಗವನ್ನು, ಜೆಲ್ ನಿಲ್ಲಿಸಿದ ಮೇಲೂ ಎರಡು ವಾರ ಬಟ್ಟೆಯಿಂದ ಮುಚ್ಚಿಡಬೇಕು. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕಾದರೆ ಈ ಚಿಂತೆ ಹೆಚ್ಚಾಗಿ ಇರುವುದಿಲ್ಲ.

ವೈದ್ಯರು ಚೀಟಿ ಬರೆಯುವಾಗಲೇ ‘ನಾನು ಇಡೀ ದಿನ ಬಿಸಿಲಲ್ಲಿ ಗದ್ದೆ ಕೆಲಸ ಮಾಡುವವನು’ ಎಂದು ಹೇಳಿ. ಈಗಾಗಲೇ ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಜತೆಗೆ ಒಯ್ದು ತೋರಿಸಿ.