ಚಿಂಚೋಳಿ ಹುಡುಗನ ರಕ್ತ ಪರೀಕ್ಷೆಗೆ ಮುಂಚೆ

ಸೇಡಂ,
ಭಾನುವಾರ ರಾತ್ರಿ

ಮಗಳೇ,

ವಾಡಿಯಿಂದ ನೀನು ಮೊಬೈಲಿಗೆ ಕಳಿಸಿದ ರಿಪೋರ್ಟ್ ಓದಿದೆ. ಕೊನೆಯಲ್ಲಿ ‘ಬೀಟಾ ಥಲಸ್ಸೀಮಿಯಾ ಟ್ರೇಟ್’ ಅಂತ ಇದ್ದದ್ದನ್ನು ನೋಡಿ ನಿನ್ನವ್ವ ಅತ್ತಳಂತೆ. ಚಿಂಚೋಳಿ ಅತ್ತಿ ನನಗೇ ಫೋನ್ ಮಾಡಿ, “ನಮ್ಮ ಮನಿ ರಕ್ತದಾಗ ಏನ್ ದೋಷ ಅದ ಅಣ್ಣಾ?” ಅಂತ ಜಗಳಕ್ಕೇ ಬಂದಳು. ಶಹಾಬಾದಿನ ಲ್ಯಾಬಿನಲ್ಲಿ ವರ್ಷಗಟ್ಟಲೆ ರಕ್ತದ ಸ್ಲೈಡ್ ನೋಡಿದ ಈ ದೊಡ್ಡಪ್ಪ ಸುಮ್ಮನಿದ್ದರೆ ಹೇಗೆ?

ಮೊದಲು ನಿನ್ನ ಅಂಕಿಗಳು. ಹಿಮೋಗ್ಲೋಬಿನ್ 10.8. ಇಷ್ಟನ್ನೇ ನೋಡಿದವರು ‘ರಕ್ತ ಕಮ್ಮಿ’ ಅಂತಾರೆ. ಆದರೆ ಕೆಂಪುಕಣಗಳ ಎಣಿಕೆ 56 ಲಕ್ಷ, ಅಂದರೆ ಜಾಸ್ತಿಯೇ ಇದೆ. ಒಂದೊಂದು ಕಣದ ಗಾತ್ರ ತೋರಿಸುವ ಎಂಸಿವಿ ಮಾತ್ರ 62; ಅದು 80ರ ಮೇಲಿರಬೇಕು. ಜೋಳದ ಚೀಲದಲ್ಲಿ ಸಜ್ಜೆ ತುಂಬಿದ ಹಾಗೆ: ಕಾಳು ಸಣ್ಣದು, ಎಣಿಕೆ ಹೆಚ್ಚು. ಕಬ್ಬಿಣಾಂಶ ಕಡಿಮೆಯಾದರೂ ಕಣ ಸಣ್ಣದಾಗುತ್ತದೆ, ಆದರೆ ಆಗ ಎಣಿಕೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಗುಮಾನಿ ಬರುವುದು ಇಲ್ಲಿಯೇ. ಅದನ್ನು ಗಟ್ಟಿ ಮಾಡಿದ್ದು ಎಚ್‌ಪಿಎಲ್‌ಸಿ ಪರೀಕ್ಷೆಯ ಎಚ್‌ಬಿ ಎ2: ಸಾಮಾನ್ಯವಾಗಿ 3.5ರ ಒಳಗಿರಬೇಕಾದದ್ದು ನಿನ್ನಲ್ಲಿ 5.2 ಇದೆ.

ಇದರರ್ಥ, ಹಿಮೋಗ್ಲೋಬಿನ್ ಕಟ್ಟುವ ಬೀಟಾ ಜೀನಿನ ಎರಡು ಪ್ರತಿಗಳಲ್ಲಿ ನಿನ್ನದೊಂದು ಸರಿಯಿಲ್ಲ, ಇನ್ನೊಂದು ಚೆನ್ನಾಗಿದೆ. ನೀನು ರೋಗಿಯಲ್ಲ, ವಾಹಕಿ. ಮುಂದೆ ಇದೇ ಬೆಳೆದು ರೋಗವಾಗುವುದೂ ಇಲ್ಲ. ನಿನ್ನ ಅಪ್ಪನ ರಿಪೋರ್ಟ್ ಹೀಗೇ ಬಂತು, ಅವ್ವನದು ಸರಿಯಿದೆ. ನಾನೂ ತೋಳು ಚಾಚಿದೆ. ನನ್ನ ಎ2 5.4. ಅರವತ್ನಾಲ್ಕು ವರ್ಷ ಗೊತ್ತೇ ಇಲ್ಲದೆ ಬದುಕಿದ್ದೇನೆ ನೋಡು! ನಿನಗೆ ಹೈಸ್ಕೂಲಿನಿಂದ ಕಬ್ಬಿಣದ ಗುಳಿಗೆ ನುಂಗಿಸಿದರಲ್ಲ, ಅದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟು. ಫೆರಿಟಿನ್ ಪರೀಕ್ಷೆ ಮಾಡಿಸು. ಅದು ಕಡಿಮೆಯಿದ್ದರೆ ಗುಳಿಗೆ ಬೇಕು, ಸರಿಯಿದ್ದರೆ ಬೇಡ.

ಈಗ ಅತ್ತಿಯ ಮಗನ ಜೊತೆ ನಿನ್ನ ಮದುವೆಯ ಮಾತು. ಅಪ್ಪನಿಗೆ ಈ ಪ್ರತಿ ನಿನ್ನ ಮುತ್ಯಾನಿಂದಲೋ ಆಯಿಯಿಂದಲೋ ಬಂದಿರಬೇಕು. ಅದೇ ಅತ್ತಿಗೂ ಇಳಿದಿರುವ ಸಾಧ್ಯತೆ ಅರ್ಧ, ಅವಳಿಂದ ಮಗನಿಗೆ ಅದರ ಅರ್ಧ. ಅಂದರೆ ಹುಡುಗ ವಾಹಕನಾಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊರಗಿನ ಹುಡುಗನಾಗಿದ್ದರೆ ಇಷ್ಟು ಇರುತ್ತಿರಲಿಲ್ಲ. ಸೋದರಿಕೆಯಲ್ಲಿ ಈ ಲೆಕ್ಕ ಮಾಡಲೇಬೇಕು. ಆದರೆ ಊಹೆಯ ಮೇಲೆ ಸಂಬಂಧ ಮುರಿಯುವುದು ಹುಚ್ಚುತನ. ಅತ್ತಿಯನ್ನು ಪರೀಕ್ಷೆಗೆ ಒಪ್ಪಿಸುವ ಕಾಟವೂ ಬೇಡ, ಹುಡುಗನದೇ ಮಾಡಿಸಿದರೆ ಸಾಕು.

ಅವನು ವಾಹಕನಲ್ಲ ಅಂತ ಬಂದರೆ, ನಿಮ್ಮ ಪ್ರತಿ ಮಗುವಿಗೂ ನಿನ್ನ ಹಾಗೆ ವಾಹಕವಾಗುವ ಸಾಧ್ಯತೆ ಅರ್ಧ, ಅಷ್ಟೇ. ಆದರೆ ಬರೀ ‘ನಾರ್ಮಲ್’ ಅಂತ ಬರೆದ ಚೀಟಿಗೆ ಒಪ್ಪಬೇಡ, ಪೂರ್ತಿ ಹಾಳೆ ಕೇಳು. ಎ2 ಗಡಿಯ ಹತ್ತಿರವಿದ್ದು ಎಂಸಿವಿ ಕಡಿಮೆಯಿದ್ದರೆ ಅನುಮಾನ ಉಳಿಯುತ್ತದೆ; ಕಬ್ಬಿಣಾಂಶದ ಕೊರತೆ ಎ2ವನ್ನು ಸ್ವಲ್ಪ ಇಳಿಸಿ ತೋರಿಸಬಹುದು. ಆಗ ಡಿಎನ್‌ಎ ಪರೀಕ್ಷೆಯೇ ಗತಿ. ಕುಡಗೋಲು ಕಣದ, ಅಂದರೆ ಸಿಕಲ್ ಸೆಲ್ ವಾಹಕ ಅಂತ ಬಂದರೂ ಸುಮ್ಮನಿರಬಾರದು. ನಿನ್ನದೂ ಅವನದೂ ಒಂದೇ ಮಗುವಿನಲ್ಲಿ ಕೂಡಿದರೆ ಅದೂ ರೋಗವೇ.

ಇಬ್ಬರೂ ಬೀಟಾ ವಾಹಕರಾಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸ್ಸೀಮಿಯಾ ಮೇಜರ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ತಪ್ಪು ತಿಳಿದ ಒಂದು ಜೋಡಿಯನ್ನು ನಾನೇ ಕಂಡಿದ್ದೆ. ಮೊದಲನೇ ಕೂಸಿಗೆ ರೋಗ ಬಂತು, ಇನ್ನು ಮೂವರಿಗೆ ಚಿಂತೆಯಿಲ್ಲ ಅಂದುಕೊಂಡಿದ್ದರು. ಎರಡನೆಯದೂ ಮೂರು ವಾರಕ್ಕೊಮ್ಮೆ ರಕ್ತ ಏರಿಸಿಕೊಳ್ಳಲು ಬರತೊಡಗಿತು. ಚೀಟಿ ಪ್ರತಿ ಸಲ ಹೊಸದಾಗಿ ಎತ್ತಿದಂತೆ, ಹಿಂದಿನದು ಅದಕ್ಕೆ ನೆನಪಿರುವುದಿಲ್ಲ. ಅಂಥ ಮಗು ಹುಟ್ಟಿದಾಗ ಗುಂಡು ಗುಂಡಾಗಿಯೇ ಇರುತ್ತದೆ, ಆರು ತಿಂಗಳ ಆಸುಪಾಸಿನಲ್ಲಿ ಬಿಳಿಚಿಕೊಳ್ಳುತ್ತದೆ.

ಹಾಗಂತ ಇಬ್ಬರೂ ವಾಹಕರಾದರೆ ಮದುವೆ ಆಗಲೇಬಾರದು ಅಂತ ಯಾವ ರಿಪೋರ್ಟೂ ಹೇಳುವುದಿಲ್ಲ. ಬಸಿರಿಗೆ ಮೊದಲೇ ಇಬ್ಬರ ಜೀನಿನಲ್ಲೂ ಇರುವ ತಪ್ಪು ಯಾವುದು ಅಂತ ಡಿಎನ್‌ಎಯಲ್ಲಿ ಗುರುತಿಸಿಟ್ಟರೆ, ಹನ್ನೊಂದು-ಹನ್ನೆರಡು ವಾರಕ್ಕೆ ಮಾಸಿನ ಸಣ್ಣ ಚೂರು ತೆಗೆದು ಮಗುವಿನದನ್ನು ತಿಳಿಯಬಹುದು. ಬಸಿರಾದ ಮೇಲೆ ಓಡಾಡಿದರೆ ವಾರಗಳು ಕೈಬಿಡುತ್ತವೆ. ಆ ಮೇಲಿನ ತೀರ್ಮಾನ ನಿಮ್ಮಿಬ್ಬರದು, ನನ್ನದೂ ಅಲ್ಲ ಅತ್ತಿಯದೂ ಅಲ್ಲ.

ಇನ್ನೊಂದು. ಈ ಪರೀಕ್ಷೆ ನೋಡಿದ್ದು ಹಿಮೋಗ್ಲೋಬಿನ್ ಒಂದನ್ನೇ. ಕಿವುಡು, ಬುದ್ಧಿಮಾಂದ್ಯ ಮುಂತಾದ ಸೋದರಿಕೆಯ ಬೇರೆ ಭಯಗಳ ಬಗ್ಗೆ ಇದು ಹೌದೂ ಅನ್ನುವುದಿಲ್ಲ, ಇಲ್ಲವೂ ಅನ್ನುವುದಿಲ್ಲ. ಅದಕ್ಕೆ ಜೆನೆಟಿಕ್ ಕೌನ್ಸೆಲಿಂಗ್ ಮಾಡುವ ಡಾಕ್ಟರ್ ಮುಂದೆ ಎರಡೂ ಮನೆಯ ವಂಶಾವಳಿ ಇಟ್ಟು ಕೂರಬೇಕು.

ಗುರುವಾರ ಹುಡುಗ ಬರುತ್ತಾನೆ, ನಾನೇ ಲ್ಯಾಬಿಗೆ ಕರೆದುಕೊಂಡು ಹೋಗುತ್ತೇನೆ. ಎರಡು ಮಿಲಿ ರಕ್ತ, ನೇರಳೆ ಮುಚ್ಚಳದ ಟ್ಯೂಬು. ಉಪವಾಸ ಬೇಕಿಲ್ಲ. ಅತ್ತಿ ಅವನನ್ನು ಖಾಲಿ ಹೊಟ್ಟೆಯಲ್ಲಿ ಕಳಿಸಿಯಾಳು. ರೊಟ್ಟಿ ತಿಂದು ಬಸ್ ಹತ್ತು ಅಂತ ನೀನೇ ಹೇಳಿಬಿಡು.

ನಿನ್ನ
ದೊಡ್ಡಪ್ಪ